83 ಕವರ್‌ಗಳ ತೂಕ

ನಮ್ಮದು 112 ಮಕ್ಕಳಿರುವ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಕಸ ವಿಂಗಡಣೆಯ ಪಾಠವನ್ನು ನಾನು ಅಲ್ಲಿ ಹಲವು ವರ್ಷ ಮಾಡಿದ್ದೇನೆ. ಹಸಿರು ಬುಟ್ಟಿಗೆ ಹಸಿ ಕಸ, ನೀಲಿ ಬುಟ್ಟಿಗೆ ಒಣ ಕಸ ಎಂದು ಚಿತ್ರ ತೋರಿಸುತ್ತಿದ್ದೆ, ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಗಂಟೆ ಹೊಡೆದ ಮೇಲೆ ಅದೇ ಮಕ್ಕಳು ಬಾಳೆಹಣ್ಣಿನ ಸಿಪ್ಪೆಯನ್ನೂ ಕಾಗದವನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದರು, ಸಂಜೆ ಆ ಬುಟ್ಟಿ ಶಾಲೆಯ ಹಿಂದಿನ ಗುಂಡಿಗೆ ಹೋಗಿ ಬೆಂಕಿ ಕಾಣುತ್ತಿತ್ತು. ಬೆಂಕಿ ಹಚ್ಚುವುದನ್ನು ನಾನೂ ನೋಡುತ್ತಿದ್ದೆ, ಆದರೆ ಏನೂ ಹೇಳುತ್ತಿರಲಿಲ್ಲ. ಈ ವರ್ಷ ಆರು ಮತ್ತು ಏಳನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ, ಚಿತ್ರಪಟವನ್ನು ಬದಿಗಿಟ್ಟು, ಒಂದು ಮಂಗಳವಾರ ಶಾಲೆಯಲ್ಲಿ ಹುಟ್ಟಿದ ಕಸವನ್ನೆಲ್ಲ ತೂಗುವುದೆಂದು ನಿಶ್ಚಯಿಸಿದೆ.

ಅಂದು ಬೆಳಿಗ್ಗೆ ಪ್ರತಿ ತರಗತಿಯ ಬಾಗಿಲಲ್ಲಿ ಎರಡು ಗೋಣಿಚೀಲಗಳನ್ನು ಇಟ್ಟೆವು, ಅಡುಗೆ ಕೋಣೆಯ ಮುಂದೆ ಎರಡು ಬಕೆಟ್ ಇಟ್ಟೆವು. ಊಟವಾದ ಮೇಲೆ ಜಗಲಿಯ ಮೇಲೆ ಹಳೆಯ ಫ್ಲೆಕ್ಸ್ ಹಾಸಿ, ಎಲ್ಲವನ್ನೂ ಸುರಿದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗುಂಪು ಮಾಡಲು ಕುಳಿತೆವು. ತೂಕಕ್ಕೆ ಅಡುಗೆ ಕೋಣೆಯ ತಕ್ಕಡಿ ಇತ್ತು. ಸುರಿಯುವ ಮೊದಲು ಯಾವ ಕಸ ಹೆಚ್ಚಿರಬಹುದೆಂದು ಕೇಳಿದಾಗ ಬಹುತೇಕ ಎಲ್ಲರೂ “ಪ್ಲಾಸ್ಟಿಕ್ ಮಿಸ್” ಎಂದರು.

ತಕ್ಕಡಿ ಬೇರೆಯದನ್ನೇ ಹೇಳಿತು. ಹಸಿ ಕಸ ಒಟ್ಟು 6 ಕಿಲೋ 400 ಗ್ರಾಂ ಇತ್ತು. ಅದರಲ್ಲಿ ತರಕಾರಿ ಸಿಪ್ಪೆ 1 ಕಿಲೋ 400 ಗ್ರಾಂ, ಅಂದು ಮೊಟ್ಟೆ ಕೊಡುವ ದಿನವಾದ್ದರಿಂದ ಮೊಟ್ಟೆಯ ಸಿಪ್ಪೆ 600 ಗ್ರಾಂ, ಮೊಟ್ಟೆ ತಿನ್ನದವರ ಬಾಳೆಹಣ್ಣಿನ ಸಿಪ್ಪೆ 300 ಗ್ರಾಂ. ಉಳಿದ 4 ಕಿಲೋ 100 ಗ್ರಾಂ ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ ಸಾರು. ಒಣ ಕಸವೆಲ್ಲ ಸೇರಿದರೂ 1 ಕಿಲೋ 100 ಗ್ರಾಂ ದಾಟಲಿಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಗದವೇ ಆಗಿತ್ತು. ಬುದ್ಧಿಗೆ ದೊಡ್ಡದಾಗಿ ಕಂಡಿದ್ದ ಕುರುಕಲು ತಿಂಡಿಯ ಕವರ್‌ಗಳು ಎಣಿಕೆಗೆ 83 ಇದ್ದವು, ತೂಕಕ್ಕೆ 165 ಗ್ರಾಂ ಮಾತ್ರ.

ಇಲ್ಲಿಗೆ ಪಾಠ ಮುಗಿಯಿತೆಂದು ನಾನು ಅಂದುಕೊಂಡಿದ್ದೆ, ಪ್ಲಾಸ್ಟಿಕ್ಕಿಗಿಂತ ಅನ್ನವೇ ದೊಡ್ಡ ಕಸ ಎಂದು ಕಪ್ಪು ಹಲಗೆಯ ಮೇಲೆ ಬರೆಯಲು ಹೊರಟಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಕವರ್‌ಗಳನ್ನು ತುಂಬಿದ್ದ ಬಕೆಟ್ಟನ್ನು ಎತ್ತಿ ತೋರಿಸಿ, “ತೂಕ ಇಲ್ಲ ಅಂದ್ರೂ ಬಕೆಟ್ ತುಂಬೈತಲ್ಲ ಮಿಸ್, ಅನ್ನ ಮಣ್ಣಾಗ್ತದೆ, ಇದು ಎಲ್ಲಿಗೆ ಹೋಗ್ತದೆ?” ಎಂದಳು. ನಾನು ಸೀಮೆಸುಣ್ಣವನ್ನು ಕೆಳಗಿಟ್ಟೆ. ಕಸವನ್ನು ತೂಕದಿಂದ ಮಾತ್ರ ಅಳೆದರೆ ಕವರ್ ಮರೆಯಾಗುತ್ತದೆ, ಎಣಿಕೆಯಿಂದ ಮಾತ್ರ ಅಳೆದರೆ ಅನ್ನ ಮರೆಯಾಗುತ್ತದೆ. ಹಾಗಾಗಿ ಅಂದಿನಿಂದ ಹಸಿ ಕಸವನ್ನು ತೂಗುವುದು, ಕವರ್‌ಗಳನ್ನು ಎಣಿಸುವುದು ಎಂದು ಎರಡು ಲೆಕ್ಕ ಇಟ್ಟೆವು.

ಕವರ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಕವರ್‌ನಲ್ಲೇ ಹುಡುಕಿದೆವು. ಒಂದನ್ನು ಸೀಳಿ ಒಳಭಾಗದ ಬೆಳ್ಳಿ ಬಣ್ಣವನ್ನು ತೋರಿಸಿದೆ. ಅದು ಪ್ಲಾಸ್ಟಿಕ್ ಹಾಳೆಗಳ ನಡುವೆ ಅಲ್ಯೂಮಿನಿಯಂನ ಬಹಳ ತೆಳುವಾದ ಲೇಪನ ಕೊಟ್ಟು ಅಂಟಿಸಿದ ಪದರ. ತೇವ ಮತ್ತು ಗಾಳಿ ಒಳಗೆ ಹೋಗದಂತೆ ತಡೆದು ತಿಂಡಿಯನ್ನು ಗರಿಗರಿಯಾಗಿಡುವುದು ಈ ಲೇಪನವೇ, ಕವರನ್ನು ಮತ್ತೆ ಕರಗಿಸಿ ಬಳಸಲಾಗದಂತೆ ಮಾಡುವುದೂ ಅದೇ, ಏಕೆಂದರೆ ಪದರಗಳನ್ನು ಬಿಡಿಸುವುದು ದುಬಾರಿ ಕೆಲಸ. ಆದ್ದರಿಂದಲೇ ಗುಜರಿಯವರು ಹಾಲಿನ ಕವರನ್ನು ತೆಗೆದುಕೊಳ್ಳುತ್ತಾರೆ, ಚಿಪ್ಸ್ ಕವರನ್ನು ಮುಟ್ಟುವುದಿಲ್ಲ. ಒಣಗಿಸಿ ಒಟ್ಟುಮಾಡಿ ಕೊಟ್ಟರೆ ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಬಹುದು. ಅಲ್ಲಿಯ ಕಾವು ನಮ್ಮ ಶಾಲೆಯ ಗುಂಡಿಯ ಬೆಂಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಗುಂಡಿಯಲ್ಲಿ ಅರೆಬರೆ ಉರಿದ ಪ್ಲಾಸ್ಟಿಕ್‌ನ ಹೊಗೆ ನೇರವಾಗಿ ನಾಲ್ಕನೆಯ ತರಗತಿಯ ಕಿಟಕಿಗೆ ಬರುತ್ತಿತ್ತೆಂಬುದನ್ನು ಮಕ್ಕಳೇ ನನಗೆ ನೆನಪಿಸಿದರು.

ಬೇರೆ ಮಾಡುವುದು ಏಕೆ ಬೇಕೆಂಬುದನ್ನು ತೋರಿಸಲು ಒಂದು ಸಣ್ಣ ಪ್ರಯೋಗ ಮಾಡಿದೆ. ಒಣಗಿದ ನೋಟ್‌ಬುಕ್ ಕಾಗದವನ್ನು 200 ಗ್ರಾಂ ತೂಗಿ, ಉಳಿದ ಅನ್ನ ಸಾರಿನ ಬಕೆಟ್ಟಿಗೆ ಹಾಕಿ, ಕೋಲಿನಿಂದ ತಿರುವಿ, ಹತ್ತು ನಿಮಿಷದ ನಂತರ ಎತ್ತಿ ನೀರು ಬಸಿದು ತೂಗಿದೆವು. 470 ಗ್ರಾಂ ಬಂತು. ಒಬ್ಬ ಹುಡುಗ “ಲಾಭ ಆಯ್ತು ಮಿಸ್, ಗುಜರಿಗೆ ಹಾಕಿದ್ರೆ ಡಬಲ್ ದುಡ್ಡು” ಎಂದು ಎಲ್ಲರನ್ನೂ ನಗಿಸಿದ. ಅವನನ್ನೇ ಆ ಕಾಗದದೊಡನೆ ಊರಿನ ಗುಜರಿ ಅಂಗಡಿಗೆ ಇಬ್ಬರ ಜೊತೆ ಕಳುಹಿಸಿದೆ. ಒಣ ಕಾಗದಕ್ಕೆ ಕಿಲೋಗೆ ಹತ್ತು ರೂಪಾಯಿ ಕೊಡುವ ಆತ ಇದನ್ನು ಮೂಸಿ ನೋಡಿ, ಇಟ್ಟರೆ ಉಳಿದ ಕಾಗದವೂ ಬೂಷ್ಟು ಹಿಡಿಯುತ್ತದೆ ಎಂದು ಹಿಂದಕ್ಕೆ ಕಳುಹಿಸಿದನಂತೆ. ಕಸವನ್ನು ಬೆರೆಸಿದ ಮೇಲೆ ಬೇರ್ಪಡಿಸುವುದಕ್ಕಿಂತ ಬೆರೆಸದೇ ಇರುವುದು ಸುಲಭವೆಂದು ನಾನು ಮತ್ತೆ ಹೇಳಬೇಕಾಗಲಿಲ್ಲ.

ಎರಡೇ ಗುಂಪು ಮಾಡಿದರೂ ಕೆಲವು ವಸ್ತುಗಳು ಯಾವ ಗುಂಪಿಗೂ ಸೇರದೆ ಉಳಿದವು. ಗಡಿಯಾರದಿಂದ ತೆಗೆದ ಎರಡು ಸೆಲ್‌ಗಳು, ಒಡೆದ ಬಲ್ಬು, ಬ್ಲೇಡಿನ ಚೂರು. ಇವಕ್ಕೆ ಮುಚ್ಚಳವಿರುವ ಹಳೆಯ ಬಣ್ಣದ ಡಬ್ಬವೊಂದನ್ನು ಇಟ್ಟು ಅದನ್ನು ನನ್ನ ಬೀರುವಿನಲ್ಲಿರಿಸಿದೆ. ಹುಡುಗಿಯರ ಪ್ಯಾಡ್‌ಗಳ ವಿಷಯವನ್ನು ಅವರೊಡನೆ ಬೇರೆಯಾಗಿಯೇ ಮಾತನಾಡಿದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಶೌಚಾಲಯದ ಮುಚ್ಚಿದ ಡಬ್ಬದಲ್ಲಿ ಹಾಕುವುದು. ಗುರುತು ಏಕೆಂದರೆ, ಅದನ್ನು ಕೈಯಲ್ಲಿ ಬಿಡಿಸಿ ನೋಡುವವಳು ಪಂಚಾಯಿತಿಯ ಕಸದ ಗಾಡಿಯ ಹೆಂಗಸು, ಅವಳು ನಮ್ಮ ಏಳನೆಯ ತರಗತಿಯ ಒಬ್ಬಳ ಚಿಕ್ಕಮ್ಮನೇ.

ಮರುಬಳಕೆಯ ಪಾಠದಲ್ಲಿ ನನ್ನದೇ ಹಳೆಯ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಯಿತು. ಹಿಂದಿನ ವರ್ಷ ‘ಕಸದಿಂದ ರಸ’ ಎಂದು ವಸ್ತುಪ್ರದರ್ಶನ ಮಾಡಿಸಿದ್ದೆ. ಐಸ್‌ಕ್ರೀಂ ಕಡ್ಡಿಯ ಮನೆಗಳು, ಬಾಟಲಿಯ ಹೂದಾನಿಗಳು ಬಹಳ ಚೆನ್ನಾಗಿ ಬಂದಿದ್ದವು. ಆಮೇಲೆ ತಿಳಿದದ್ದೆಂದರೆ ಕಡ್ಡಿಗಳ ಹೊಸ ಕಟ್ಟನ್ನೇ ಅಂಗಡಿಯಿಂದ ಕೊಂಡು ತಂದಿದ್ದರು, ಮಿನುಗುವ ಕಾಗದ ಮತ್ತು ಅಂಟು ಬೇರೆ. ಪ್ರದರ್ಶನ ಮುಗಿದ ವಾರದಲ್ಲಿ ಎಲ್ಲವೂ ಗುಂಡಿಗೆ ಹೋದವು. ಈ ಸಲ ಮಕ್ಕಳ ಮುಂದೆ ಒಂದೇ ಪ್ರಶ್ನೆ ಇಟ್ಟೆ: ಇದನ್ನು ಮಾಡಿದ್ದರಿಂದ ನಾವು ಯಾವ ಹೊಸ ವಸ್ತುವನ್ನು ಕೊಳ್ಳುವುದು ತಪ್ಪಿತು? ಹೂದಾನಿ ಈ ಪ್ರಶ್ನೆಯಲ್ಲಿ ಸೋತಿತು. ಹಳೆಯ ನೋಟ್‌ಬುಕ್ ಗೆದ್ದಿತು. 26 ನೋಟ್‌ಬುಕ್‌ಗಳ ಕೊನೆಯಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಬಿಡಿಸಿದಾಗ 611 ಸಿಕ್ಕವು. ನಲವತ್ತು ಹಾಳೆಗೆ ಒಂದರಂತೆ ದಬ್ಬಳದಿಂದ ತೂತು ಮಾಡಿ ದಾರದಲ್ಲಿ ಹೊಲಿದು 15 ರಫ್ ಪುಸ್ತಕ ಮಾಡಿದೆವು, ಅಷ್ಟು ಹೊಸ ಪುಸ್ತಕ ಕೊಳ್ಳುವುದು ತಪ್ಪಿತು. ಉಳಿದ ಹನ್ನೊಂದು ಹಾಳೆಗಳಲ್ಲಿಯೇ ಕ್ರಿಯಾಯೋಜನೆಯ ಕರಡು ಬರೆದದ್ದು.

ಹಸಿ ಕಸಕ್ಕೆ ಗೊಬ್ಬರದ ಗುಂಡಿ ಎಂದು ಸುಲಭವಾಗಿ ಹೇಳಬಹುದು. ನಮ್ಮ ಶಾಲೆಯಲ್ಲಿ ಒಮ್ಮೆ ಅದು ಕೆಟ್ಟು ಹೋಗಿತ್ತು. ಅನ್ನ ಸಾರನ್ನೆಲ್ಲ ಗುಂಡಿಗೆ ಸುರಿದದ್ದರಿಂದ ಗಾಳಿಯಾಡದೆ ಕೊಳೆತು, ನಾತ ಬಂದು, ನೊಣ ಮತ್ತು ನಾಯಿಗಳು ಸೇರಿ ಗುಂಡಿಯನ್ನು ಮುಚ್ಚಬೇಕಾಗಿತ್ತು. ಈ ಸಲ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ತರಗೆಲೆ ಎಂದು ಗೊತ್ತುಮಾಡಿದೆವು. ಹೊಂಗೆ ಮರದ ಕೆಳಗೆ ಅದಕ್ಕೆ ಬರವಿಲ್ಲ. ಸಿಪ್ಪೆ ಒಂದು ಪದರ, ಅದರ ಮೇಲೆ ತರಗು, ಮೇಲೊಂದು ಹಿಡಿ ಹಳೆಯ ತಿಪ್ಪೆಗೊಬ್ಬರ, ವಾರಕ್ಕೊಮ್ಮೆ ಗುದ್ದಲಿಯಿಂದ ಮಗುಚುವುದು. ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ ನೋಡುತ್ತಾರೆ. ಒಂದೆರಡು ಹನಿ ಜಿನುಗಿದರೆ ಹದ. ನೀರು ಸುರಿದರೆ ತರಗು ಸೇರಿಸಬೇಕು, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಮೊಟ್ಟೆಯ ಸಿಪ್ಪೆ ಬೇಗ ಕರಗುವುದಿಲ್ಲವಾದ್ದರಿಂದ ಅದನ್ನು ಒಣಗಿಸಿ ಕುಟ್ಟಿ ಹಾಕುತ್ತೇವೆ.

ಉಳಿದ ಅನ್ನವನ್ನೆಲ್ಲ ದನಕ್ಕೆ ಹಾಕಿದರಾಯಿತೆಂದು ನಾನು ಸೂಚಿಸಿದಾಗ ಮನೆಯಲ್ಲಿ ಹಸು ಕಟ್ಟಿರುವ ಹುಡುಗನೊಬ್ಬ ಎದ್ದು ನಿಂತ. “ಅನ್ನ ಜಾಸ್ತಿ ತಿಂದ್ರೆ ಹಸು ಹೊಟ್ಟೆ ಉಬ್ಬರಿಸ್ತದೆ ಮಿಸ್, ನಮ್ದು ಒಂದು ಸತ್ತೇ ಹೋಗ್ತಿತ್ತು” ಎಂದ. ಅವನ ಮಾತು ನಿಜ. ಅನ್ನದಂಥ ಹಿಟ್ಟಿನಂಶದ ಆಹಾರ ಒಮ್ಮೆಲೆ ಹೆಚ್ಚು ಸೇರಿದರೆ ಹಸುವಿನ ಮೊದಲ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗುತ್ತದೆ. ಹಾಗಾದರೆ ಅನ್ನ ಉಳಿಯದಂತೆ ಮಾಡುವುದೊಂದೇ ದಾರಿ. ಅಡುಗೆಯ ಅಕ್ಕ 4 ಕಿಲೋ ಅನ್ನ ಸಾರನ್ನು ನೋಡಿ, “ಸಾರು ಸೇರಿದ್ರೂ ಇದು ಒಂದೂಕಾಲು ಕಿಲೋ ಅಕ್ಕಿಗೆ ಕಡಿಮೆ ಇಲ್ಲ” ಎಂದರು. ಹಿರಿಯ ತರಗತಿಯ ಮಗುವಿಗೆ ದಿನಕ್ಕೆ ಕೊಡುವ ಅಕ್ಕಿ 150 ಗ್ರಾಂ. ಮಕ್ಕಳೇ ಭಾಗಿಸಿ ಎಂಟು ಮಂದಿಯ ಊಟವೆಂದು ಹೇಳಿದರು.

ಬುಧವಾರ ಕೊನೆಯ ಎರಡು ಪೀರಿಯಡ್‌ಗಳಲ್ಲಿ ಕ್ರಿಯಾಯೋಜನೆ ಬರೆದೆವು. ಯಾರು ಮಾಡುತ್ತಾರೆ, ಯಾವಾಗ, ಆಗಿದೆಯೆಂದು ಹೇಗೆ ತಿಳಿಯುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದ ಯಾವ ಸಾಲನ್ನೂ ಬರೆಯಬಾರದೆಂಬುದು ನಿಯಮ. ‘ಪರಿಸರವನ್ನು ಉಳಿಸೋಣ’ ಎಂಬ ಸಾಲು ಮೊದಲ ಸುತ್ತಿನಲ್ಲೇ ಹೊಡೆದುಹೋಯಿತು. ಶಾಲೆಯೊಳಗೆ ಚಿಪ್ಸ್ ತರುವುದನ್ನೇ ನಿಷೇಧಿಸಬೇಕೆಂದು ಕೆಲವರು ಹಠ ಹಿಡಿದರು. ಗೇಟಿನ ಮುಂದಿನ ಅಂಗಡಿ ಐದನೆಯ ತರಗತಿಯ ಹುಡುಗನೊಬ್ಬನ ಅಜ್ಜಿಯದು, ನಿಷೇಧ ಮಾಡಿದರೆ ಮಕ್ಕಳು ಗೇಟಿನ ಹೊರಗೆ ತಿಂದು ಚರಂಡಿಗೆ ಎಸೆಯುತ್ತಾರೆ ಎಂದು ಇನ್ನು ಕೆಲವರು ವಾದಿಸಿದರು. ಕೈ ಎತ್ತಿಸಿದಾಗ ನಿಷೇಧ ಬಿದ್ದುಹೋಯಿತು. ನನಗೆ ಒಳಗೊಳಗೇ ಬೇಸರವಾದರೂ ಅವರ ವಾದವೇ ಸರಿಯಿತ್ತು.

ಕೊನೆಗೆ ಹಾಳೆಯಲ್ಲಿ ಉಳಿದದ್ದು ಇಷ್ಟು. ಬಡಿಸುವಾಗ ‘ಅರ್ಧ’ ಅಥವಾ ‘ಪೂರ್ತಿ’ ಎಂದು ಪ್ರತಿಯೊಬ್ಬರೂ ಹೇಳಬೇಕು, ಬೇಕಾದವರು ಎರಡನೆಯ ಸಲ ಹಾಕಿಸಿಕೊಳ್ಳಬೇಕು. ಏಳನೆಯ ತರಗತಿಯ ಇಬ್ಬರು ಪ್ರತಿ ಶನಿವಾರ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತೂಗಬೇಕು, ಒಂದು ತಿಂಗಳಲ್ಲಿ ಅದು 4 ಕಿಲೋದಿಂದ 2 ಕಿಲೋಗೆ ಇಳಿಯಬೇಕು. ಕವರ್‌ಗಳನ್ನು ಒಣ ಚೀಲಕ್ಕೆ ಹಾಕಿ, ಶನಿವಾರ ಆ ಒಂದು ದಿನದ ಕವರ್‌ಗಳನ್ನು ಎಣಿಸಿ, ಎಲ್ಲವನ್ನೂ ಪಂಚಾಯಿತಿಯ ಗಾಡಿ ಬರುವ ಮಂಗಳವಾರ ಕೊಡಬೇಕು. ಗುಂಡಿಯ ತರಗು ಆರನೆಯ ತರಗತಿಯದು, ಮಗುಚುವುದು ಏಳನೆಯ ತರಗತಿಯದು. ಬೆಂಕಿ ಹಚ್ಚುವುದು ಇಂದಿನಿಂದ ನಿಂತಿತು, ಯಾರಾದರೂ ಹಚ್ಚಿದರೆ ಮಕ್ಕಳು ಮುಖ್ಯೋಪಾಧ್ಯಾಯರಿಗೆ ಹೇಳಬೇಕು, ಹಚ್ಚಿದವರು ಶಿಕ್ಷಕರಾಗಿದ್ದರೂ. ಈ ಕೊನೆಯ ಮಾತನ್ನು ಸೇರಿಸಿದವರು ಯಾರೆಂದು ನಾನು ಕೇಳಲಿಲ್ಲ.

ಮೊದಲ ಶನಿವಾರದ ಲೆಕ್ಕ ಗೋಡೆಯ ಮೇಲಿದೆ: ಅನ್ನ 2 ಕಿಲೋ 700 ಗ್ರಾಂ, ಕವರ್ 97. ಕವರ್ ಹೆಚ್ಚಾಯಿತಲ್ಲ ಎಂದು ನಾನು ಕೇಳಿದಾಗ, ತೂಗುವ ಸರದಿಯ ಹುಡುಗಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, “ತಿಂದಿದ್ದು ಜಾಸ್ತಿ ಆಗಿಲ್ಲ ಮಿಸ್, ಚರಂಡೀಲಿ ಬೀಳ್ತಿದ್ದುದು ಈಗ ಚೀಲಕ್ಕೆ ಬಂದೈತೆ” ಎಂದಳು. 97ರ ಪಕ್ಕದಲ್ಲಿ ಅವಳೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದಿನ ಶನಿವಾರ ಚರಂಡಿಯನ್ನೂ ಎಣಿಸಬೇಕೆಂದು ಕೆಳಗೆ ಬರೆದಳು.