ಎತ್ತರದ, ತೆಳ್ಳನೆಯ ಗಿರಾಕಿ ಬಂದರೆ ಮೊದಲು ಪ್ಯಾಂಟಿನ ಪಟ್ಟಿ ಎಲ್ಲಿ ಕೂತಿದೆ ನೋಡಿ

ಆರಡಿ ದಾಟಿದ, ಮೈಯಲ್ಲಿ ಮಾಂಸ ಕಡಿಮೆ ಇರುವ ಗಂಡಸರು ಹೊಲಿಗೆ ಅಂಗಡಿಗೆ ಬಂದರೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಯಾವ ಬಟ್ಟೆ ಹಾಕಿದರೂ ಗಳಕ್ಕೆ ಸುತ್ತಿದ ಹಾಗೆ ಕಾಣುತ್ತೆ." ಶರ್ಟನ್ನು ಬಿಗಿ ಮಾಡಿಕೊಡಿ ಅಂತ ಕೇಳುತ್ತಾರೆ. ಬಿಗಿ ಮಾಡುವ ಮೊದಲು ಪ್ಯಾಂಟು ನೋಡಬೇಕು. ಹತ್ತರಲ್ಲಿ ಏಳೆಂಟು ಸಲ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಇದಕ್ಕೆ ಕಾರಣವಿದೆ. ರೆಡಿಮೇಡ್ ಪ್ಯಾಂಟುಗಳಲ್ಲಿ ಒಳಗಾಲು, ಅಂದರೆ ಕಾಲಸಂದಿಯಿಂದ ಬಾಟಮಿನವರೆಗಿನ ಒಳಗಡೆಯ ಉದ್ದ, ಸಾಮಾನ್ಯವಾಗಿ 32 ಇಂಚಿಗೆ ನಿಲ್ಲುತ್ತದೆ. 34 ಬೇಕಾದವನು ಅದನ್ನೇ ಹಾಕಿಕೊಂಡಾಗ ಕಣಕಾಲು ಕಾಣುತ್ತದೆ. ಅದನ್ನು ಮುಚ್ಚಲು ಅವನು ತನಗೇ ಗೊತ್ತಿಲ್ಲದೆ ಪ್ಯಾಂಟನ್ನು ಎರಡು ಇಂಚು ಕೆಳಗೆ ಜಗ್ಗಿ ಬೆಲ್ಟು ಬಿಗಿಯುತ್ತಾನೆ. ಆಗ ಪಟ್ಟಿ ಸೊಂಟದ ಮೇಲಿರುವುದಿಲ್ಲ, ಅದರ ಕೆಳಗೆ ಪಕ್ಕದ ಮಾಂಸವಿಲ್ಲದ ಮೂಳೆಗೆ ಸಿಕ್ಕಿಕೊಂಡಿರುತ್ತದೆ. ಕಾಲಸಂದಿಯ ಬಟ್ಟೆ ಜೋತು ಬೀಳುತ್ತದೆ, ಹಿಂದೆ ಸೀಟು ಖಾಲಿ ಚೀಲದಂತೆ ನೇತಾಡುತ್ತದೆ. ಮೇಲೆ ಶರ್ಟು ಎರಡು ಇಂಚು ಹೆಚ್ಚು ಕಾಣುವುದರಿಂದ ಮುಂಡ ಉದ್ದನೆಯ ಕೊಳವೆಯಾಗುತ್ತದೆ. ಕೈ ಎತ್ತಿದರೆ ಶರ್ಟು ಹೊರಗೆ. ದೂರು ಬರುವುದು ಶರ್ಟಿನ ಮೇಲೆ, ತಪ್ಪು ಇರುವುದು ಒಳಗಾಲಿನ ಉದ್ದದಲ್ಲಿ.

ಒಂದು ಅಳತೆ ಹಿಡಿದು ನೋಡೋಣ. ಎತ್ತರ 6 ಅಡಿ 2 ಇಂಚು, ಎದೆ 37, ಸೀಟು 37, ಒಳಗಾಲು 34. ಪಟ್ಟಿ ಹೊಕ್ಕುಳಿಂದ ಒಂದು ಇಂಚು ಕೆಳಗೆ ಕೂರಲಿ ಅಂತ ಅಲ್ಲಿಂದ ಪಕ್ಕದಲ್ಲಿ ಇಳಿಸಿದರೆ ಪೂರ್ತಿ ಉದ್ದ 44½ ಬಂತು ಅಂದುಕೊಳ್ಳಿ. ಉದ್ದದಲ್ಲಿ ಒಳಗಾಲು ಕಳೆದರೆ 10½. ಇದೇ ಈ ಮೈಗೆ ಬೇಕಾದ ರೈಸ್. ಮುಂದಿನ ಕಾಲಸಂದಿ ಹೊಲಿಗೆಯಿಂದ ಪಟ್ಟಿಯ ಮೇಲಂಚಿನವರೆಗೆ ಟೇಪು ಹಿಡಿದರೆ, ಬಳಸಿ ಹೋಗುವ ಕಾರಣ ಸುಮಾರು 11 ತೋರಿಸುತ್ತದೆ. ಲೋ ರೈಸ್ ಜೀನ್ಸಿನಲ್ಲಿ ಇದೇ ಜಾಗ 9ರ ಆಸುಪಾಸು ಇರುತ್ತದೆ. ಅಳತೆ ಸರಿಯೋ ಅಂತ ಅನುಮಾನವಿದ್ದರೆ ಗಿರಾಕಿಯನ್ನು ಗಟ್ಟಿ ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ, ಪಕ್ಕದಲ್ಲಿ ಪಟ್ಟಿಯ ಜಾಗದಿಂದ ಸ್ಟೂಲಿನವರೆಗೆ ಟೇಪು ಬಿಡಿ. ಎರಡೂ ಅಳತೆ ಅರ್ಧ ಇಂಚಿನೊಳಗೆ ಹೊಂದಬೇಕು.

ಹಾಗಂತ ರೈಸ್ ಎಷ್ಟು ಹೆಚ್ಚಿದರೆ ಅಷ್ಟು ಒಳ್ಳೆಯದು ಅಂತಲ್ಲ. ಕುಳ್ಳಗಿರುವವರಿಗೆ ಹೈ ರೈಸ್ ಕಾಲು ಉದ್ದ ಮಾಡಿ ತೋರಿಸುತ್ತದೆ, ಅವರಿಗೆ ಅದು ಬೇಕು. ಕಾಲೇ ಉದ್ದವಿರುವವನಿಗೆ ಪಟ್ಟಿ ಹೊಕ್ಕುಳ ಮೇಲೆ ಹೋದರೆ ಮರಗಾಲಿನ ಮೇಲೆ ನಿಂತ ಹಾಗಾಗುತ್ತದೆ. ಕಾಲು ಸಾಧಾರಣವಿದ್ದು ಮುಂಡ ಉದ್ದವಿರುವವನಿಗೆ ಮಾತ್ರ ಪಟ್ಟಿಯನ್ನು ಹೊಕ್ಕುಳ ಮಟ್ಟಕ್ಕೆ ತರಬಹುದು.

ತೆಳ್ಳಗಿರುವವರ ಸೀಟು ಬಹುತೇಕ ಚಪ್ಪಟೆ. ರೈಸ್ ಸರಿಯಿದ್ದೂ ಹಿಂದೆ, ಸೀಟಿನ ಕೆಳಗೆ, ಅಡ್ಡಡ್ಡ ಮಡಿಕೆ ಬಿದ್ದರೆ ಹಿಂಭಾಗದ ಉದ್ದ ಹೆಚ್ಚಾಗಿದೆ ಅಂತ ಅರ್ಥ. ಇಲ್ಲಿ ಪಕ್ಕದ ಹೊಲಿಗೆ ಹಿಡಿಯುವುದು ತಪ್ಪು ಮದ್ದು. ಹಿಂದಿನ ಪಟ್ಟಿ ಬಿಚ್ಚಿ, ನಡುವೆ ಅರ್ಧ ಇಂಚು ಕತ್ತರಿಸಿ, ಪಕ್ಕಕ್ಕೆ ಬರುತ್ತಾ ಸೊನ್ನೆ ಮಾಡಿ ಮತ್ತೆ ಕೂರಿಸಬೇಕು. ಮೊದಲು ಗುಂಡುಸೂಜಿಯಲ್ಲಿ ಅಷ್ಟನ್ನೇ ಮಡಿಚಿ ನೋಡಿದರೆ ಮಡಿಕೆ ಹೋಗುತ್ತದೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ.

ಕಾಲಿನ ಅಗಲದ ವಿಷಯದಲ್ಲಿ ಗಿರಾಕಿಗಳ ಜೊತೆ ವಾದ ತಪ್ಪಿದ್ದಲ್ಲ. ಎಲ್ಲರಿಗೂ 12½, 13 ಇಂಚಿನ ಬಾಟಮ್ ಬೇಕು. ಎತ್ತರದವರ ಶೂ 10, 11ನೇ ನಂಬರಿಂದು. ಅಷ್ಟು ಕಿರಿದಾದ ಬಾಟಮಿನ ಕೆಳಗೆ ಆ ಶೂ ದೋಣಿಯಂತೆ ಚಾಚಿಕೊಳ್ಳುತ್ತದೆ, ಮೀನಖಂಡಕ್ಕೆ ಬಟ್ಟೆ ಅಂಟಿ ಮೊಣಕಾಲಿನ ಗಂಟು ಎದ್ದು ಕಾಣುತ್ತದೆ. ಮೇಲಿನ ಅಳತೆಯವನಿಗೆ ಸುತ್ತು 14½ರಿಂದ 15 ಇಟ್ಟು, ಮುಂದೆ ಒಂದೊಂದು ಪ್ಲೀಟ್ ಕೊಟ್ಟರೆ ತೊಡೆಗೆ ತುಂಬು ಬರುತ್ತದೆ. ಬಾಟಮಿಗೆ ಒಂದೂವರೆ ಇಂಚಿನ ಹೊರಮಡಿಕೆ ಹಾಕಿದರೆ ಕಾಲಿನ ಉದ್ದಕ್ಕೆ ಕೆಳಗೊಂದು ಅಡ್ಡಗೆರೆ ಸಿಗುತ್ತದೆ. ಆಫೀಸಿನಲ್ಲಿ ಅದು ಹಳೇ ಕಾಲದ್ದು ಅನ್ನುವವರಿಗೆ ಒತ್ತಾಯ ಮಾಡುವುದು ಬೇಡ.

ಪಟ್ಟಿ ಜಾಗಕ್ಕೆ ಬಂದ ಮೇಲೆ ಶರ್ಟು. ತೋಳು ಗಿಡ್ಡ ಅಂತ ಈ ಗಿರಾಕಿಗಳು ಎಲ್ ಬಿಟ್ಟು ಎಕ್ಸ್‌ಎಲ್ ತಗೊಂಡಿರುತ್ತಾರೆ. 18 ಇಂಚಿನ ಭುಜಕ್ಕೆ 19½ ಇಂಚಿನ ಶರ್ಟು ಹಾಕಿದರೆ ಭುಜದ ಹೊಲಿಗೆ ಆಚೆಈಚೆ ಮುಕ್ಕಾಲು ಇಂಚು ಜಾರುತ್ತದೆ. ತೋಳಿಗೆ ಸಿಕ್ಕಿದ ಉದ್ದದಲ್ಲಿ ಒಂದು ಪಾಲು ಹೀಗೆ ಜಾರಿ ಬಂದದ್ದೇ. ಭುಜ ಇಳಿಬಿದ್ದು, ಕಂಕುಳಲ್ಲಿ ಬಟ್ಟೆ ಗುಡ್ಡೆಯಾಗಿ, ಹೊಲದ ಬೆರ್ಚಪ್ಪನ ರೂಪ ಬರುತ್ತದೆ. ಅದಕ್ಕೆ ಹೆದರಿ ಸೂಪರ್ ಸ್ಲಿಮ್ ಹಾಕಿದರೆ ಪಕ್ಕೆಲುಬು ಎಣಿಸಬಹುದು.

37ರ ಎದೆಗೆ ತಯಾರಾದ ಶರ್ಟಿನ ಸುತ್ತು 41½, ಹೊಟ್ಟೆಯ ಬಳಿ 38, ಸೀಟಿನ ಬಳಿ 41 ಇರಲಿ. ಸೀಟಿನಲ್ಲಿ ಕಡಿಮೆ ಮಾಡಿದರೆ ಕೂತಾಗ ಶರ್ಟು ಸಿಕ್ಕಿಕೊಂಡು ಮೇಲೇರುತ್ತದೆ. ಹಿಂದೆ ಡಾರ್ಟ್ ಹಿಡಿಯುವುದಾದರೆ ಒಂದೊಂದಕ್ಕೆ ಅರ್ಧ ಇಂಚಿನ ಬಟ್ಟೆ ಸಾಕು, ಹೆಚ್ಚಾದರೆ ಬೆನ್ನಿನ ಕುಳಿ ಕಾಣುತ್ತದೆ. ಇನ್ ಮಾಡುವ ಶರ್ಟಿಗೆ ಉದ್ದ 32, ಹೊರಬಿಡುವುದಕ್ಕೆ 29. ತೋಳು ಭುಜದ ಹೊಲಿಗೆಯಿಂದ 26 ಇಟ್ಟು, ಕಫ್ ಅನ್ನು ಮಣಿಕಟ್ಟಿನಲ್ಲೇ ನಿಲ್ಲುವಷ್ಟು ಬಿಗಿ ಮಾಡಿ. ಕೈ ಮಡಚಿದಾಗ ಬೇಕಾಗುವ ಹೆಚ್ಚಿನ ಉದ್ದವನ್ನು ಆ ಕಫ್ಫೇ ತಡೆದು ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ತೋಳು ಕೂರುವ ಆರ್ಮ್‌ಹೋಲ್. ಅದು ಕೆಳಗಿದ್ದಷ್ಟೂ ಕೈ ಎತ್ತಿದಾಗ ಇಡೀ ಶರ್ಟು ಮೇಲೆ ಬರುತ್ತದೆ. ಪರೀಕ್ಷೆ ಸುಲಭ: ಇನ್ ಮಾಡಿ ಎರಡೂ ಕೈಯನ್ನು ಬಸ್ಸಿನ ಕಂಬಿ ಹಿಡಿದ ಹಾಗೆ ಎತ್ತಲಿ, ಇಳಿಸಲಿ. ಶರ್ಟು ತಾನಾಗಿ ಕೆಳಗಿಳಿಯದೆ ಬೆಲ್ಟಿನ ಮೇಲೆ ಉಬ್ಬಿ ನಿಂತರೆ ಆರ್ಮ್‌ಹೋಲ್ ಆಳವಾಗಿದೆ ಅಥವಾ ಉದ್ದ ಸಾಲದು.

ಅರ್ಧ ತೋಳಿನಲ್ಲಿ ಬಾಯಿಯ ಸುತ್ತು ತೋಳಿಗಿಂತ ಎರಡು ಇಂಚು ಹೆಚ್ಚಿದ್ದರೆ ಸಾಕು. ಅಗಲವಾದ ಬಾಯಿಂದ ಇಳಿಯುವ ಕೈ ಗಂಟೆಯ ನಾಲಿಗೆಯಂತೆ ಕಾಣುತ್ತದೆ. ಉದ್ದ ಕುತ್ತಿಗೆಗೆ ಕಾಲರಿನ ಪಟ್ಟಿ ಒಂದೂವರೆ ಇಂಚಿಗಿಂತ ಕಡಿಮೆ ಬೇಡ.

ರೆಡಿಮೇಡ್ ತಗೊಳ್ಳುವವರಿಗೆ: ಪ್ಯಾಂಟಿನ ಸೊಂಟ ಒಂದೂವರೆ ಇಂಚಿನವರೆಗೆ ಹಿಡಿಯಬಹುದು, ಅದಕ್ಕಿಂತ ಹೆಚ್ಚಾದರೆ ಹಿಂದಿನ ಜೇಬುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಕಡಿಮೆ ಇರುವ ರೈಸ್ ಹೆಚ್ಚಿಸಲು ಬರುವುದಿಲ್ಲ, ಅಲ್ಲಿ ಒಳಗೆ ಬಟ್ಟೆಯೇ ಇರುವುದಿಲ್ಲ. ಉದ್ದ ಬಿಡಿಸುವುದು ಬಾಟಮಿನ ಒಳಮಡಿಕೆಯಲ್ಲಿ ಬಟ್ಟೆ ಇದ್ದರೆ ಮಾತ್ರ. ಅಂಗಡಿಯಲ್ಲೇ ತಿರುಗಿಸಿ ನೋಡಿ. ಒಗೆದ ಜೀನ್ಸಿನಲ್ಲಿ ಬಿಡಿಸಿದರೆ ಹಳೇ ಮಡಿಕೆಯ ಬಿಳಿ ಗೆರೆ ಉಳಿಯುತ್ತದೆ. ಹತ್ತಿಯ ಬಟ್ಟೆ ಕೊಟ್ಟು ಹೊಲಿಸುವುದಾದರೆ ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸಿ. ನೂರಕ್ಕೆ ಮೂರರಷ್ಟು ಕುಗ್ಗಿದರೂ 34ರ ಒಳಗಾಲಿನಲ್ಲಿ ಒಂದು ಇಂಚು ಹೋಗುತ್ತದೆ. ಆಮೇಲೆ ಗಿರಾಕಿ ಮತ್ತೆ ಪ್ಯಾಂಟು ಕೆಳಗೆ ಜಗ್ಗಲು ಶುರು ಮಾಡುತ್ತಾನೆ.