ಟ್ಯಾಂಕ್ ಕಂಟ್ರೋಲರ್ ಡಬ್ಬಿ: ಕ್ಲಿಪ್ ಮುರಿದ ವಾರ

ಟ್ಯಾಂಕ್ ತುಂಬಿದ ಕೂಡಲೇ ಪಂಪ್ ಆಫ್ ಮಾಡುವ ಸರ್ಕ್ಯೂಟ್ ತಿಂಗಳಿಂದ ತೊಂದರೆ ಇಲ್ಲದೆ ಓಡುತ್ತಿದೆ. ಈಗ ಅದಕ್ಕೊಂದು ಎಬಿಎಸ್ ಪ್ಲಾಸ್ಟಿಕ್ ಡಬ್ಬಿ ಬೇಕು. ಗೋಡೆ ಎಲ್ಲ ಕಡೆ 2 ಮಿ.ಮೀ., ಆಳ 30. ಬೋರ್ಡಿಗೆ ಸ್ಕ್ರೂ, ಮುಚ್ಚಳಕ್ಕೆ ಕ್ಲಿಪ್. ಮೋಲ್ಡ್ ಮಾಡಿಸುವ ಮೊದಲು 3ಡಿ ಪ್ರಿಂಟ್ ತೆಗೆದು ನೋಡಿದೆ. ಮುಚ್ಚಳ ಒತ್ತಿದ ಕೂಡಲೇ ಒಂದು ಕ್ಲಿಪ್ ಬುಡದಲ್ಲೇ ಟಕ್ ಅಂತ ಮುರಿಯಿತು.

ಮೊದಲು ಪ್ರಿಂಟರ್ ಮೇಲೆ ತಪ್ಪು ಹಾಕಿದೆ. ಕ್ಲಿಪ್ ನೆಟ್ಟಗೆ ನಿಂತು ಪ್ರಿಂಟ್ ಆದರೆ ಪದರಗಳ ನಡುವೆ ಬಿರುಕು ಬಿಡುವುದು ನಿಜ. ಆದರೆ ಲೆಕ್ಕ ಹಾಕಿದಾಗ ತಪ್ಪು ನನ್ನದೇ ಅಂತ ಗೊತ್ತಾಯಿತು. ಕ್ಲಿಪ್ ಬಾಗಿದಾಗ ಬುಡದಲ್ಲಿ ಪ್ಲಾಸ್ಟಿಕ್ ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಸೂತ್ರ ಇದು:

```
ε = 1.5 × t × y / L²
```

t ದಪ್ಪ, y ಬಾಗುವ ದೂರ, L ಉದ್ದ. ನನ್ನ ಕ್ಲಿಪ್ 2 ಮಿ.ಮೀ. ದಪ್ಪ, 8 ಉದ್ದ, 1 ಬಾಗಬೇಕು. ಅಂದರೆ 4.7%! ಪದೇ ಪದೇ ತೆಗೆಯುವ ಮುಚ್ಚಳಕ್ಕೆ ಎಬಿಎಸ್‌ನಲ್ಲಿ 2% ದಾಟಬಾರದು ಅಂತ ಇಟ್ಟುಕೊಂಡಿದ್ದೇನೆ. ದಪ್ಪ 1.2, ಉದ್ದ 10, ಬಾಗು 0.8 ಮಾಡಿದೆ, 1.4%ಕ್ಕೆ ಇಳಿಯಿತು. ಬುಡದ ಮೂಲೆಯನ್ನೂ ಸ್ವಲ್ಪ ದುಂಡಗೆ ಮಾಡಿದೆ. ಈ ಸಲ ಕ್ಲಿಪ್ ಮಲಗಿಸಿ ಪ್ರಿಂಟ್ ತೆಗೆದೆ. ಇಪ್ಪತ್ತು ಸಲ ತೆಗೆದು ಹಾಕಿದರೂ ಏನೂ ಆಗಲಿಲ್ಲ.

ಡಬ್ಬಿ ಮೋಲ್ಡಿನಿಂದ ಸಲೀಸಾಗಿ ಬಿಟ್ಟು ಬರಲಿ ಅಂತ ಗೋಡೆಗೆ ಡ್ರಾಫ್ಟ್, ಅಂದರೆ ಇಳಿಜಾರು, ಕೊಡುವಾಗ ಇನ್ನೊಂದು ಪೆಟ್ಟು ಬಿತ್ತು. ಪ್ರತಿ ಗೋಡೆಗೂ 1 ಡಿಗ್ರಿ ಇಳಿಜಾರು ಕೊಟ್ಟರೆ 30 ಮಿ.ಮೀ. ಆಳದಲ್ಲಿ ಒಂದೊಂದು ಬದಿಗೂ ಅರ್ಧ ಮಿ.ಮೀ. ಹೋಗುತ್ತದೆ. ಬಾಯಿಯಲ್ಲಿ ಒಳಗಲ 72 ಇತ್ತು, ತಳಕ್ಕೆ ಹೋಗುವಷ್ಟರಲ್ಲಿ 71. ಬೋರ್ಡ್ 71.5! ಬಾಯಿಯಲ್ಲಿ ಸಲೀಸಾಗಿ ಇಳಿದದ್ದು ಕೆಳಗೆ ಸಿಕ್ಕಿಹಾಕಿಕೊಂಡಿತು. ಈಗ ತಳವನ್ನು 72.5 ಇಟ್ಟು ಅಲ್ಲಿಂದ ಮೇಲಕ್ಕೆ ಅಗಲ ಮಾಡುತ್ತಿದ್ದೇನೆ. ಮೊದಲೇ ಹೊಳೀಬೇಕಿತ್ತು, ಅಲ್ವಾ?

ಡ್ರಾಯಿಂಗ್ ತಗೊಂಡು ಪೀಣ್ಯದಲ್ಲಿ ಮೋಲ್ಡ್ ಮಾಡುವವರೊಬ್ಬರ ಹತ್ತಿರ ಹೋದೆ. ಅವರ ಕಣ್ಣು ಮೊದಲು ಬಿದ್ದದ್ದು ಮೂಲೆಯ ಬಾಸ್ ಮೇಲೆ, ಅಂದರೆ ಸ್ಕ್ರೂ ಕೂರುವ ತೂತಿನ ಕಂಬದ ಮೇಲೆ. "ಇದನ್ನ ಗೋಡೆಗೆ ಅಂಟಿಸಿಬಿಟ್ಟಿದ್ದೀರಲ್ಲ ಸಾರ್, ಹೊರಗಡೆ ಗುಳಿ ಬೀಳುತ್ತೆ" ಅಂದರು. ಬಾಸ್ ಮತ್ತು ಗೋಡೆ ಕೂಡುವ ಕಡೆ ಪ್ಲಾಸ್ಟಿಕ್ ದಪ್ಪ. ಅಲ್ಲಿ ನಿಧಾನವಾಗಿ ಆರುತ್ತದೆ, ಆರುವಾಗ ಕುಗ್ಗಿ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಬಾಸನ್ನು ಗೋಡೆಯಿಂದ 3 ಮಿ.ಮೀ. ದೂರ ಸರಿಸಿ, ನಡುವೆ ಆಸರೆಗೆ 1.2 ದಪ್ಪದ ತೆಳು ಪಟ್ಟಿ, ರಿಬ್, ಹಾಕಿದೆ. 3 ಮಿ.ಮೀ. ಸ್ಕ್ರೂಗೆ ಹೊರಗೆ 6, ತೂತು 2.5. ಬುಡ ದಪ್ಪವಾಗದಿರಲಿ ಅಂತ ತೂತನ್ನು ತಳದೊಳಕ್ಕೂ ಸ್ವಲ್ಪ ಇಳಿಸಿದೆ.

ಅವರು ತೋರಿಸಿದ ಎರಡನೇ ತಪ್ಪು ಕ್ಲಿಪ್ಪಿನ ಮೂಗು, ಅಂದರೆ ತುದಿಯ ಕೊಕ್ಕೆ. ಅದರ ಹಿಂದೆ ಮೋಲ್ಡ್ ನೇರವಾಗಿ ಬಿಚ್ಚಿಕೊಳ್ಳುವುದಿಲ್ಲ. ಪಕ್ಕಕ್ಕೆ ಸರಿಯುವ ಮೋಲ್ಡ್ ತುಂಡು, ಸ್ಲೈಡರ್, ಹಾಕಿದರೆ ಖರ್ಚು ಜಾಸ್ತಿ. ಅದಕ್ಕೆ ಪ್ರತಿ ಮೂಗಿನ ನೇರಕ್ಕೆ ಮುಚ್ಚಳದಲ್ಲಿ ಸಣ್ಣ ಸೀಳು ಬಿಟ್ಟೆ; ಮೋಲ್ಡಿನ ಮೇಲಿನ ಅರ್ಧದ ಕಬ್ಬಿಣ ಅದರ ಮೂಲಕ ಇಳಿದು ಬರುತ್ತದೆ. ಸೀಳು ಹಾಗೇ ಬಿಟ್ಟರೆ ಇರುವೆ ಸಂಸಾರ ಹೂಡುತ್ತದೆ, ಮೇಲಿನ ಸ್ಟಿಕರ್ ಅದನ್ನು ಮುಚ್ಚಲಿ.

ಕೆಳಗಿನ ಡಬ್ಬಿಯಲ್ಲಿ ಮೂಗು ಕೂರುವ ಕಿಂಡಿಗೂ ಇದೇ ತಕರಾರು. ಕಿಂಡಿಯ ಮೇಲಿನ ಪಟ್ಟಿಯನ್ನು ಹೊರಕ್ಕೆ ತಳ್ಳಿ, ಎರಡು ಕಬ್ಬಿಣ ತಾಗುವ ಕಡೆ 5 ಡಿಗ್ರಿ ಇಳಿಜಾರು ಕೊಟ್ಟು ಭಾನುವಾರ ಡ್ರಾಯಿಂಗ್ ಬಿಡಿಸಿ ನೋಡುತ್ತೇನೆ.