ದೋಷ ತೋರಿಸದ ವರದಿ

ಬೆಂಗಳೂರಿನ ಹೊರವಲಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಕಂಪನಿಯ ಲೆಕ್ಕ-ವ್ಯವಹಾರ ನಡೆಸುವ ಎಸ್‌ಎಪಿ ತಂತ್ರಾಂಶದ ಹಳೆಯ ಇಸಿಸಿಯಿಂದ ಹೊಸ ಎಸ್/4 ಹಾನಾಗೆ ಏರುವ ಯೋಜನೆ ಸಿದ್ಧಪಡಿಸುವ ಹೊಣೆ ನನ್ನ ಮೇಲಿತ್ತು. ಇಸಿಸಿಯ ಮುಖ್ಯ ನಿರ್ವಹಣಾ ಬೆಂಬಲ 2027ರ ಅಂತ್ಯಕ್ಕೆ ಮುಗಿಯುವುದರಿಂದ ಕೆಲಸವನ್ನು ಇನ್ನು ಮುಂದೂಡುವಂತಿರಲಿಲ್ಲ. ಆದರೆ ಹಿಂದಿನವರು ಹತ್ತಾರು ವರ್ಷಗಳಿಂದ ಬರೆಸಿಟ್ಟ, Z ಅಕ್ಷರದಿಂದ ಶುರುವಾಗುವ ಸ್ವಂತ ಪ್ರೋಗ್ರಾಂಗಳು ಆರುನೂರಕ್ಕೂ ಹೆಚ್ಚಿದ್ದವು. ಅವುಗಳಲ್ಲಿ ಯಾವುದು ಮುರಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದರ ಮೇಲೆಯೇ ಇಡೀ ಯೋಜನೆಯ ವೇಳಾಪಟ್ಟಿ ನಿಂತಿತ್ತು.

ಮೊದಲ ಹೆಜ್ಜೆಯಾಗಿ, ನಿಜವಾಗಿ ಬಳಕೆಯಲ್ಲಿರುವವು ಯಾವುವು ಎಂದು ತಿಳಿಯಲು ನಿತ್ಯದ ಕೆಲಸ ನಡೆಯುವ ಉತ್ಪಾದನಾ ವ್ಯವಸ್ಥೆಯಲ್ಲಿ, ಪ್ರೋಗ್ರಾಂಗಳ ಬಳಕೆ ದಾಖಲಿಸುವ SCMON ಚಾಲೂ ಮಾಡಿಸಿದೆವು. ಅದನ್ನು ಒಂದು ತಿಂಗಳು ಓಡಿಸಿ ಬಿಡೋಣ ಎಂದು ಹಲವರು ಹೇಳಿದರೂ, ಮಾರ್ಚ್ ಕೊನೆಯ ಲೆಕ್ಕ ಮುಚ್ಚುವಾಗ ಮಾತ್ರ ಓಡುವ ಪ್ರೋಗ್ರಾಂಗಳು ಅದರಲ್ಲಿ ಸಿಗುವುದಿಲ್ಲ ಎಂದು ಪಟ್ಟು ಹಿಡಿದು, ಪೂರ್ತಿ ಒಂದು ಹಣಕಾಸು ವರ್ಷ ಓಡಿಸಿದೆ. ಅರ್ಧಕ್ಕಿಂತ ಹೆಚ್ಚು ಪ್ರೋಗ್ರಾಂಗಳನ್ನು ಯಾರೂ ಮುಟ್ಟಿರಲಿಲ್ಲ. ಅವನ್ನು ಹೊಸದಕ್ಕೆ ಒಯ್ಯುವ ಅಗತ್ಯವೇ ಇರಲಿಲ್ಲ. ಉಳಿದವುಗಳ ಮೇಲೆ, ಕೋಡ್ ಓದಿ ದೋಷ ಹುಡುಕುವ ATC ಪರೀಕ್ಷೆ ಓಡಿಸಿ, ದೋಷಗಳ ಸಂಖ್ಯೆಗೆ ತಕ್ಕಂತೆ ದಿನಗಳನ್ನು ಹಂಚಿ ಯೋಜನೆ ಬರೆದೆ. ಪರೀಕ್ಷೆಯಲ್ಲಿ ಶುದ್ಧವಾಗಿ ಬಂದವುಗಳಿಗೆ ದಿನಗಳೇ ಇರಲಿಲ್ಲ. ನನ್ನ ತಪ್ಪು ಅಲ್ಲಿತ್ತು.

ಉತ್ಪಾದನಾ ವ್ಯವಸ್ಥೆಯ ಒಂದು ನಕಲು ಪ್ರತಿ ತೆಗೆದು ಹೊಸ ಆವೃತ್ತಿಗೆ ಪರಿವರ್ತಿಸಿದ ಮೇಲೆ, ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರನ್ನು ಕೂರಿಸಿ ವೆಂಡರ್‌ವಾರು ಬಾಕಿ ವರದಿಯನ್ನು ತೆಗೆಸಿದೆ. ವರದಿ ಹಳೆಯದಕ್ಕಿಂತ ಬೇಗ ಬಂತು, ಯಾವ ದೋಷ ಸಂದೇಶವೂ ಇರಲಿಲ್ಲ. ನಾನು ಟಿಕ್ ಹಾಕುವುದರಲ್ಲಿದ್ದೆ. ಅವರು ಕನ್ನಡಕ ಸರಿಪಡಿಸಿಕೊಂಡು, ತಮ್ಮ ಹಳೆಯ ಪ್ರಿಂಟೌಟ್ ಪಕ್ಕಕ್ಕಿಟ್ಟುಕೊಂಡು, "ಸರ್, ಈ ಅಲ್ಯೂಮಿನಿಯಂ ಸಪ್ಲೈಯರ್‌ದು ಮೂರು ಬಿಲ್ ಕಾಣ್ತಾ ಇಲ್ಲ. ಇವರಿಗೆ ನಾವಿನ್ನೂ ದುಡ್ಡು ಕೊಟ್ಟಿಲ್ಲ" ಎಂದರು. ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ಇಳಿಸಿ ಹೋಲಿಸಿದಾಗ ಒಟ್ಟು 45 ಬಿಲ್‌ಗಳು ಹೊಸ ವರದಿಯಲ್ಲಿ ಇರಲಿಲ್ಲ. ಡೇಟಾ ಕಳೆದುಹೋಯಿತೇ ಎಂದು ಎದೆ ಝಲ್ಲೆಂದಿತು. ಆದರೆ ದಾಖಲೆಗಳನ್ನು ತೋರಿಸುವ FB03 ಪರದೆಯಲ್ಲಿ ತೆರೆದು ನೋಡಿದರೆ ಒಂದೊಂದು ಬಿಲ್ಲೂ ತನ್ನ ಜಾಗದಲ್ಲೇ ಇತ್ತು.

ಮಧ್ಯಾಹ್ನದ ಊಟ ಬಿಟ್ಟು ಡಿಬಗರ್‌ನಲ್ಲಿ ಕೂತಾಗ ಸಿಕ್ಕಿದ್ದು ಇಷ್ಟೇ ಸಾಲು:

```
SELECT * FROM bseg INTO TABLE lt_bseg
  WHERE bukrs = p_bukrs
    AND gjahr = p_gjahr AND koart = 'K'.

READ TABLE lt_bseg INTO ls_bseg
  WITH KEY belnr = lv_belnr BINARY SEARCH.
```

ಬೈನರಿ ಹುಡುಕಾಟವೆಂದರೆ ನಿಘಂಟನ್ನು ನಡುವೆ ತೆರೆದು, ಬೇಕಾದ ಪದ ಮುಂದಿದೆಯೋ ಹಿಂದಿದೆಯೋ ಎಂದು ನೋಡಿ ಅರ್ಧವನ್ನು ಬಿಟ್ಟುಬಿಡುವ ಕ್ರಮ. ಸಾಲುಗಳು ಕ್ರಮದಲ್ಲಿದ್ದರೆ ಮಾತ್ರ ಅದು ನಡೆಯುತ್ತದೆ. ಇಸಿಸಿಯಲ್ಲಿ ಲೆಕ್ಕದ ದಾಖಲೆಗಳ ಸಾಲುಗಳಿರುವ BSEG, ಹಲವು ಟೇಬಲ್‌ಗಳನ್ನು ಒಟ್ಟಿಗೆ ಕಟ್ಟಿಡುವ ಕ್ಲಸ್ಟರ್ ಟೇಬಲ್ ಆಗಿದ್ದುದರಿಂದ, ಕೇಳದಿದ್ದರೂ ಸಾಲುಗಳು ಕೀ ಕ್ರಮದಲ್ಲೇ ಬರುತ್ತಿದ್ದವು. ಬರೆದವರು ಅದನ್ನು ನಂಬಿ, ಸಾಲುಗಳನ್ನು ವಿಂಗಡಿಸುವ SORT ಹಾಕಿರಲಿಲ್ಲ. ಎಸ್/4 ಹಾನಾದಲ್ಲಿ ಅದು ಸಾಮಾನ್ಯ ಟೇಬಲ್. ಕ್ರಮ ಕೇಳದೆ ಹೋದರೆ ಯಾವ ಕ್ರಮದ ಭರವಸೆಯೂ ಇಲ್ಲ. ಹುಡುಕಾಟ ತಪ್ಪು ಅರ್ಧಕ್ಕೆ ಹೋಗಿ, ಇರುವ ಬಿಲ್ಲನ್ನೇ ಇಲ್ಲವೆನ್ನುತ್ತಿತ್ತು, ಮುಂದಿನ ಸಾಲಿನ IF ಅದನ್ನು ಸದ್ದಿಲ್ಲದೆ ದಾಟಿಸುತ್ತಿತ್ತು. ಇಂಥ ದೋಷಕ್ಕೆಂದೇ ATCಯಲ್ಲಿ ಪರೀಕ್ಷೆ ಇದೆ. ಆದರೆ ನಮ್ಮಲ್ಲಿ SELECT ಒಂದು ಫಂಕ್ಷನ್ ಮಾಡ್ಯೂಲಿನಲ್ಲೂ READ ಅದನ್ನು ಕರೆಯುವ ವರದಿಯಲ್ಲೂ ಇದ್ದುದರಿಂದ, ಎರಡರ ನಂಟು ಅದರ ಕಣ್ಣಿಗೆ ಬಿದ್ದಿರಲಿಲ್ಲ. ಡೆವಲಪ್‌ಮೆಂಟ್ ವ್ಯವಸ್ಥೆಯ ಇಪ್ಪತ್ತು ಮೂವತ್ತು ಬಿಲ್‌ಗಳಲ್ಲಿ ವರದಿ ಸರಿಯಾಗಿಯೇ ಬಂದಿತ್ತು. ಕಡಿಮೆ ಡೇಟಾದಲ್ಲಿ ಸಾಲುಗಳು ಆಕಸ್ಮಿಕವಾಗಿ ಕ್ರಮದಲ್ಲಿರುವುದೇ ಹೆಚ್ಚು.

ತಿದ್ದುಪಡಿಗೆ ಒಂದೇ ಸಾಲು ಸಾಕಾಯಿತು:

```
SORT lt_bseg BY belnr.
```

ಯೋಜನೆಯನ್ನು ಮಾತ್ರ ಆ ಸಂಜೆ ಹೊಸದಾಗಿ ಬರೆದೆ. ಕಂಪೈಲ್ ಆಗದೆ ನಿಲ್ಲುವ ಪ್ರೋಗ್ರಾಂ ತಾನಾಗಿಯೇ ಕೂಗಿ ಹೇಳುತ್ತದೆ, ಅದಕ್ಕೆ ನಾನು ಹೆದರಬೇಕಿರಲಿಲ್ಲ. ಆದ್ದರಿಂದ ದಿನಗಳನ್ನು ದೋಷಗಳ ಎಣಿಕೆಯಿಂದಲ್ಲ, ಆ ವರದಿ ನೋಡಿ ಯಾರಾದರೂ ಹಣ ಕೊಡುತ್ತಾರೆಯೇ, ಸರಕು ಕಳಿಸುತ್ತಾರೆಯೇ, ತೆರಿಗೆ ಕಟ್ಟುತ್ತಾರೆಯೇ ಎಂಬುದರಿಂದ ಹಂಚಿದೆ. ಅಂಥ ಪ್ರತಿಯೊಂದು ಪ್ರೋಗ್ರಾಮನ್ನೂ ATC ಶುದ್ಧವೆಂದಿದ್ದರೂ, ಪೂರ್ತಿ ಗಾತ್ರದ ಪ್ರತಿಯಲ್ಲಿ, ಒಂದೇ ಅವಧಿಗೆ, ಹಳೆಯ ಮತ್ತು ಹೊಸ ವ್ಯವಸ್ಥೆಗಳೆರಡರಲ್ಲೂ ಓಡಿಸಿ, ಎರಡೂ ಪಟ್ಟಿಗಳನ್ನು ಬಿಲ್ ಸಂಖ್ಯೆಯ ಮೇಲೆ ವಿಂಗಡಿಸಿ ಸಾಲು ಸಾಲಾಗಿ ಹೋಲಿಸಬೇಕೆಂದು ಸೇರಿಸಿದೆ. ಇದಕ್ಕೆ ಆರು ವಾರ ಹೆಚ್ಚು ಬೇಕೆಂದಾಗ ಆಡಳಿತದವರು ಮುಖ ಗಂಟಿಕ್ಕಿದರು. ನಾನು ಮಾತಾಡದೆ ಮೇಡಂ ಗುರುತು ಹಾಕಿದ್ದ 45 ಬಿಲ್‌ಗಳ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಮೊತ್ತದ ಕಾಲಂ ಮೇಲೆ ಬೆರಳು ಓಡಿಸಿ, ಆರು ವಾರಕ್ಕೆ ಸಹಿ ಹಾಕಿದರು.